ಬಿಯರ್ ಮತ್ತು ವೈನ್ ಹುದುಗುವಿಕೆಯನ್ನು ಹೋಲಿಸಿ ಉತ್ತರ ಬರೆಯುವ ಬಗೆ: ಸಕ್ಕರೆಯ ಮೂಲದಿಂದ ಉಪೋತ್ಪನ್ನದವರೆಗೆ

ಪಾನೀಯ ತಂತ್ರಜ್ಞಾನದ ಪತ್ರಿಕೆಯಲ್ಲಿ ಬಿಯರ್ ಮತ್ತು ವೈನ್‌ನ ಯೀಸ್ಟ್ ಹುದುಗುವಿಕೆಯನ್ನು ಹೋಲಿಸಿ ಬರೆಯಿರಿ ಎಂಬ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಬಹುತೇಕ ವಿದ್ಯಾರ್ಥಿಗಳು ನಡುವೆ ಗೆರೆ ಎಳೆದು, ಒಂದು ಕಡೆ ಬಾರ್ಲಿ, ಇನ್ನೊಂದು ಕಡೆ ದ್ರಾಕ್ಷಿ, ಒಂದು ಕಡೆ ಐದು ಶೇಕಡಾ ಮದ್ಯಸಾರ, ಇನ್ನೊಂದು ಕಡೆ ಹನ್ನೆರಡು ಶೇಕಡಾ ಎಂದು ಪಟ್ಟಿ ಮಾಡಿ ಮುಗಿಸುತ್ತಾರೆ. ಆ ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ, ಆದರೆ ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಸಂಬಂಧ ಅದರಲ್ಲಿ ಕಾಣುವುದಿಲ್ಲ. ಸಕ್ಕರೆ ಎಲ್ಲಿಂದ ಬಂತು ಎಂಬುದರಿಂದಲೇ ಯೀಸ್ಟ್ ಅದನ್ನು ಹೇಗೆ ಬಳಸುತ್ತದೆ, ಎಲ್ಲಿ ನಿಲ್ಲುತ್ತದೆ, ಏನನ್ನು ಉಳಿಸಿಹೋಗುತ್ತದೆ ಎಂಬುದರ ಬಹುಭಾಗ ತೀರ್ಮಾನವಾಗುತ್ತದೆ. ಈ ಎಳೆಯನ್ನು ಹಿಡಿದು ಉತ್ತರ ಕಟ್ಟುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ವಿವರಿಸುತ್ತೇನೆ.

ನಾನು ಈ ಪಾಠವನ್ನು ಸಾಮಾನ್ಯವಾಗಿ ಪ್ರಯೋಗಾಲಯದ ಮೇಜಿನಿಂದ ಆರಂಭಿಸುತ್ತೇನೆ. ಎರಡು ಅಳತೆ ಸಿಲಿಂಡರುಗಳಲ್ಲಿ ಹುದುಗು ಮುಗಿದ ಬಿಯರ್ ಮತ್ತು ಸಿಹಿ ಉಳಿಯದ ಒಣ ವೈನ್ ಇಟ್ಟು, ಎರಡರಲ್ಲೂ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಡುತ್ತೇವೆ. ಬಿಯರ್‌ನಲ್ಲಿ ಅದು 1.010 ತೋರಿಸಿತು, ವೈನ್‌ನಲ್ಲಿ 0.994. ಒಬ್ಬ ವಿದ್ಯಾರ್ಥಿನಿ ವೈನ್‌ನ ಹೈಡ್ರೋಮೀಟರನ್ನು ಹೊರತೆಗೆದು ಒರೆಸಿ, ನೀರಿನಲ್ಲಿ ಇಟ್ಟು ನೋಡಿ, 1.000 ಸರಿಯಾಗಿಯೇ ಬಂದಾಗ, "ಸರ್, ನೀರಿಗಿಂತ ಹಗುರವಾಗಿ ಹೇಗೆ ಇಳಿಯಿತು?" ಎಂದು ಕೇಳಿದಳು. ಇಡೀ ಹೋಲಿಕೆಯ ಉತ್ತರ ಆ ಒಂದು ಪ್ರಶ್ನೆಯೊಳಗೆ ಇದೆ.

ಮೊದಲ ಹಂತ: ಎರಡಕ್ಕೂ ಸಮಾನವಾದ ಸಮೀಕರಣವನ್ನು ಬರೆಯಿರಿ

ಹೋಲಿಕೆ ಎಂದರೆ ವ್ಯತ್ಯಾಸ ಮಾತ್ರವಲ್ಲ, ಆದ್ದರಿಂದ ಸಾಮ್ಯದಿಂದಲೇ ತೊಡಗುವುದು ಒಳ್ಳೆಯದು. ಎರಡೂ ಪಾನೀಯಗಳಲ್ಲಿ ಸ್ಯಾಕರೊಮೈಸಿಸ್ ಕುಲದ ಯೀಸ್ಟ್ ಗ್ಲೂಕೋಸನ್ನು ಗ್ಲೈಕಾಲಿಸಿಸ್ ಮೂಲಕ ಪೈರುವೇಟ್ ಆಗಿ ಒಡೆಯುತ್ತದೆ. ಪೈರುವೇಟ್ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಅಸಿಟಾಲ್ಡಿಹೈಡ್ ಆಗುತ್ತದೆ. ಅಸಿಟಾಲ್ಡಿಹೈಡ್ ಅಪಕರ್ಷಣಗೊಂಡು ಎಥನಾಲ್ ಆಗುತ್ತದೆ. ಒಟ್ಟು ಸಮೀಕರಣ ಹೀಗಿದೆ:

```
C6H12O6 → 2 C2H5OH + 2 CO2
180 g   →   92 g   + 88 g
```

ಸೈದ್ಧಾಂತಿಕವಾಗಿ 100 ಗ್ರಾಂ ಗ್ಲೂಕೋಸಿನಿಂದ ಸುಮಾರು 51 ಗ್ರಾಂ ಎಥನಾಲ್ ಬರಬೇಕು. ವಾಸ್ತವದಲ್ಲಿ ಅಷ್ಟು ಬರುವುದಿಲ್ಲ, ಏಕೆಂದರೆ ಸಕ್ಕರೆಯ ಒಂದು ಪಾಲು ಹೊಸ ಕೋಶಗಳ ಬೆಳವಣಿಗೆಗೆ, ಇನ್ನೊಂದು ಪಾಲು ಗ್ಲಿಸರಾಲ್ ಮುಂತಾದ ಉಪೋತ್ಪನ್ನಗಳಿಗೆ ಹೋಗುತ್ತದೆ; ಸ್ವಲ್ಪ ಎಥನಾಲ್ ಹೊರಹೋಗುವ ಅನಿಲದೊಂದಿಗೆ ಆವಿಯಾಗುತ್ತದೆ. ಇಂಗಾಲದ ಡೈಆಕ್ಸೈಡ್ ಬಿಯರ್‌ನಲ್ಲಿ ಮಾತ್ರ ಉತ್ಪತ್ತಿಯಾಗುತ್ತದೆ ಎಂದು ಬರೆಯುವವರಿದ್ದಾರೆ. ಅದು ತಪ್ಪು. ಸಕ್ಕರೆ ಹೆಚ್ಚಿರುವುದರಿಂದ ಒಂದು ಲೀಟರಿಗೆ ಹೊರಡುವ ಅನಿಲ ವೈನ್‌ನಲ್ಲೇ ಹೆಚ್ಚು. ಸಾಮಾನ್ಯ ವೈನ್‌ನಲ್ಲಿ ಅದನ್ನು ಹೊರಬಿಡುತ್ತಾರೆ, ಬಿಯರ್‌ನಲ್ಲಿ ಉಳಿಸಿಕೊಳ್ಳುತ್ತಾರೆ ಅಥವಾ ಮತ್ತೆ ಸೇರಿಸುತ್ತಾರೆ.

ಎರಡನೆಯ ಹಂತ: ಸಕ್ಕರೆ ಸಿದ್ಧವಾಗಿ ಬಂದಿತೇ, ಸಿದ್ಧಪಡಿಸಬೇಕಾಯಿತೇ ಎಂದು ವಿವರಿಸಿ

ದ್ರಾಕ್ಷಿ ಹಣ್ಣಿನಲ್ಲಿ ಸಕ್ಕರೆ ಬಳ್ಳಿಯ ಮೇಲೆಯೇ ಸಿದ್ಧವಾಗಿರುತ್ತದೆ. ಮಾಗಿದ ಹಣ್ಣಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಹೆಚ್ಚುಕಡಿಮೆ ಸಮಪ್ರಮಾಣದಲ್ಲಿರುತ್ತವೆ, ಸುಕ್ರೋಸ್ ತೀರಾ ಕಡಿಮೆ. ಹಣ್ಣನ್ನು ಜಜ್ಜಿದರೆ ಸಾಕು, ಯೀಸ್ಟಿಗೆ ಆಹಾರ ದೊರೆಯುತ್ತದೆ. ಆದ್ದರಿಂದ ವೈನ್ ತಯಾರಕನ ಕೈಯಲ್ಲಿರುವ ಮುಖ್ಯ ನಿರ್ಧಾರ ಕೊಯ್ಲಿನ ದಿನ: ಯಾವತ್ತು ಹಣ್ಣು ಕೀಳುತ್ತಾನೋ ಅಂದೇ ವೈನ್‌ನ ಮದ್ಯಸಾರ ಬಹುಮಟ್ಟಿಗೆ ನಿಶ್ಚಯವಾಗಿರುತ್ತದೆ.

ಬಾರ್ಲಿಯಲ್ಲಿರುವುದು ಪಿಷ್ಟ. ಬಿಯರ್ ಯೀಸ್ಟಿಗೆ ಪಿಷ್ಟವನ್ನು ಒಡೆಯುವ ಶಕ್ತಿಯಿಲ್ಲ. ಹೀಗಾಗಿ ಕಾಳನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುತ್ತಾರೆ, ಇದೇ ಮಾಲ್ಟ್. ಮೊಳಕೆಯ ಹೊತ್ತಿನಲ್ಲಿ ಕಾಳಿನಲ್ಲಿ ಕಿಣ್ವಗಳು ಸಿದ್ಧವಾಗುತ್ತವೆ. ನಂತರ ಮಾಲ್ಟನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಕಲಸಿ ನಿಗದಿತ ಉಷ್ಣಾಂಶದಲ್ಲಿ ಇಡುತ್ತಾರೆ. ಇದನ್ನು ಮ್ಯಾಶಿಂಗ್ ಎನ್ನುತ್ತಾರೆ. ಪರೀಕ್ಷಕರು ಹುಡುಕುವ ಅಂಶ ಇಲ್ಲಿದೆ. ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಟಾ ಅಮೈಲೇಸ್ ಚುರುಕಾಗಿದ್ದು, ಪಿಷ್ಟದ ಸರಪಳಿಯ ತುದಿಯಿಂದ ಎರಡೆರಡು ಗ್ಲೂಕೋಸ್ ಘಟಕಗಳನ್ನು ಕತ್ತರಿಸಿ ಮಾಲ್ಟೋಸ್ ಕೊಡುತ್ತದೆ. 70 ಡಿಗ್ರಿ ದಾಟಿದಂತೆ ಅದು ಬೇಗ ನಾಶವಾಗುತ್ತದೆ. ಶಾಖವನ್ನು ಹೆಚ್ಚು ತಡೆದುಕೊಳ್ಳುವ ಆಲ್ಫಾ ಅಮೈಲೇಸ್ ಸರಪಳಿಯನ್ನು ನಡುನಡುವೆ ತುಂಡರಿಸಿ, ಯೀಸ್ಟ್ ಬಳಸಲಾರದ ಪಿಷ್ಟದ ತುಂಡುಗಳಾದ ಡೆಕ್ಸ್‌ಟ್ರಿನ್‌ಗಳನ್ನು ಹೆಚ್ಚಾಗಿ ಉಳಿಸುತ್ತದೆ. ಪಿಷ್ಟದ ಕವಲುಗಳಲ್ಲಿರುವ 1,6 ಬಂಧಗಳನ್ನು ಈ ಎರಡೂ ಕಿಣ್ವಗಳು ಮುರಿಯಲಾರವು. ಹೀಗಾಗಿ ಕಡಿಮೆ ಉಷ್ಣಾಂಶದ ಮ್ಯಾಶ್‌ನಿಂದ ಹೆಚ್ಚು ಹುದುಗುವ, ತೆಳುವಾದ ಬಿಯರ್ ಬರುತ್ತದೆ. ಹೆಚ್ಚಿನ ಉಷ್ಣಾಂಶದಿಂದ ಮೈತುಂಬಿದ, ಸಿಹಿ ಉಳಿದ ಬಿಯರ್ ಬರುತ್ತದೆ. ವೈನ್‌ನವನು ಕೊಯ್ಲಿನ ದಿನದಲ್ಲಿ ಮಾಡುವ ನಿರ್ಧಾರವನ್ನು ಬಿಯರ್‌ನವನು ಮ್ಯಾಶ್‌ನ ಉಷ್ಣಮಾಪಕದಲ್ಲಿ ಮಾಡುತ್ತಾನೆ.

ಸೋಸಿ ತೆಗೆದ ಈ ಸಿಹಿ ರಸವೇ ವರ್ಟ್. ಅದರ ಕಾರ್ಬೋಹೈಡ್ರೇಟ್‌ಗಳಲ್ಲಿ ಅರ್ಧದಷ್ಟು ಮಾಲ್ಟೋಸ್ ಇರುತ್ತದೆ. ಜೊತೆಗೆ ಮಾಲ್ಟೋಟ್ರಯೋಸ್, ಗ್ಲೂಕೋಸ್, ಅಲ್ಪ ಪ್ರಮಾಣದ ಸುಕ್ರೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಉಳಿದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್. ಅಕ್ಕಿಯನ್ನು ಸೇರಿಸಿದರೂ ಅದರಿಂದ ಬರುವುದು ಪಿಷ್ಟವೇ ಆದ್ದರಿಂದ, ಅದನ್ನು ಬೇಯಿಸಿ, ಮಾಲ್ಟಿನ ಕಿಣ್ವಗಳಿಂದಲೇ ಸಕ್ಕರೆಯಾಗಿಸಬೇಕು.

ಮೂರನೆಯ ಹಂತ: ಯೀಸ್ಟ್ ಸಕ್ಕರೆಯನ್ನು ಯಾವ ಕ್ರಮದಲ್ಲಿ ತೆಗೆದುಕೊಳ್ಳುತ್ತದೆ ಎಂದು ಹೇಳಿ

ವರ್ಟ್‌ನಲ್ಲಿ ಸುಕ್ರೋಸ್ ಕೋಶದ ಹೊರಗೇ ಇನ್ವರ್ಟೇಸ್ ಕಿಣ್ವದಿಂದ ಒಡೆಯುತ್ತದೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮೊದಲು ಒಳಹೋಗುತ್ತವೆ. ಮಾಲ್ಟೋಸಿಗೆ ಪ್ರತ್ಯೇಕ ವಾಹಕ ಪ್ರೋಟೀನ್ ಬೇಕು, ಶಕ್ತಿಯೂ ಖರ್ಚಾಗುತ್ತದೆ. ಒಳಗೆ ಹೋದ ಮೇಲೆ ಮಾಲ್ಟೇಸ್ ಅದನ್ನು ಎರಡು ಗ್ಲೂಕೋಸ್ ಆಗಿ ಒಡೆಯುತ್ತದೆ. ಸುತ್ತಲೂ ಗ್ಲೂಕೋಸ್ ಹೇರಳವಾಗಿರುವವರೆಗೆ ಈ ವಾಹಕ ಮತ್ತು ಕಿಣ್ವ ಎರಡೂ ಅದುಮಲ್ಪಟ್ಟಿರುತ್ತವೆ. ಕೊನೆಗೆ ಮಾಲ್ಟೋಟ್ರಯೋಸ್ ಸರದಿ. ಕೆಲವು ತಳಿಗಳು ಅದನ್ನು ಪೂರ್ತಿ ಬಳಸುವುದೇ ಇಲ್ಲ. ಮದ್ಯಸಾರ ಹೆಚ್ಚಿಸಲೆಂದು ವರ್ಟ್‌ಗೆ ಆರಂಭದಲ್ಲೇ ಗ್ಲೂಕೋಸ್ ಪಾಕ ಸುರಿದರೆ ಹುದುಗು ಮಧ್ಯದಲ್ಲಿ ಮಂದವಾಗುವುದು ಈ ಕಾರಣದಿಂದಲೇ.

ದ್ರಾಕ್ಷಿರಸದಲ್ಲಿ ಮಾಲ್ಟೋಸಿನ ತೊಡಕಿಲ್ಲ, ಬೇರೊಂದು ತೊಡಕಿದೆ. ವೈನ್ ಯೀಸ್ಟ್ ಗ್ಲೂಕೋಸನ್ನು ಫ್ರಕ್ಟೋಸಿಗಿಂತ ಬೇಗ ಬಳಸುತ್ತದೆ. ಎರಡೂ ಸಮವಾಗಿ ಆರಂಭವಾದರೂ ಹುದುಗಿನ ಕೊನೆಯಲ್ಲಿ ಉಳಿಯುವ ಸಕ್ಕರೆ ಬಹುತೇಕ ಫ್ರಕ್ಟೋಸ್ ಆಗಿರುತ್ತದೆ, ಅದೂ ಯೀಸ್ಟ್ ಹತ್ತಕ್ಕಿಂತ ಹೆಚ್ಚು ಶೇಕಡಾ ಮದ್ಯಸಾರದಲ್ಲಿ ಬಳಲಿರುವಾಗ. ಅಲ್ಲೇ ನಿಂತುಬಿಟ್ಟರೆ ಅದನ್ನು ನಿಂತುಹೋದ ಹುದುಗು ಎನ್ನುತ್ತೇವೆ. ಫ್ರಕ್ಟೋಸ್ ಗ್ಲೂಕೋಸಿಗಿಂತ ಸಿಹಿಯಾದ್ದರಿಂದ ನಾಲಿಗೆಗೂ ಅದು ಗೊತ್ತಾಗುತ್ತದೆ. ಖಚಿತಪಡಿಸಿಕೊಳ್ಳಲು ಎರಡು ಮೂರು ದಿನ ಸತತವಾಗಿ ಹೈಡ್ರೋಮೀಟರ್ ಓದಬೇಕು: ಅಂಕಿ 1.005ರ ಸುತ್ತ ಅಲುಗದೆ ನಿಂತಿದ್ದರೆ ವೈನ್‌ನಲ್ಲಿ ಅದು ತೊಂದರೆಯ ಲಕ್ಷಣ, ಬಿಯರ್‌ನಲ್ಲಾದರೆ ಸಹಜ ಮುಕ್ತಾಯವಾಗಿರಬಹುದು. ರಸದಲ್ಲಿ ಸಾರಜನಕದ ಕೊರತೆ ಮತ್ತು ಹುದುಗುವಾಗ 30 ಡಿಗ್ರಿ ಮೀರಿ ಏರಿದ ಉಷ್ಣಾಂಶ ಇದಕ್ಕೆ ಸಾಮಾನ್ಯ ಕಾರಣಗಳು. ಅಂಥ ವೈನ್‌ಗೆ ಒಣ ಯೀಸ್ಟನ್ನು ನೇರವಾಗಿ ಸುರಿದರೆ ಮದ್ಯಸಾರದ ಆಘಾತಕ್ಕೆ ಅದು ಸಾಯುತ್ತದೆ. ಅದೇ ವೈನನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಒಗ್ಗಿಸಿದ ಯೀಸ್ಟನ್ನು ಹಾಕಬೇಕು.

ನಾಲ್ಕನೆಯ ಹಂತ: ಲೆಕ್ಕ ಮಾಡಿ ತೋರಿಸಿ

ಲೆಕ್ಕ ಕೇಳದಿದ್ದರೂ ಎರಡು ಸಾಲಿನ ಲೆಕ್ಕ ಉತ್ತರಕ್ಕೆ ತೂಕ ಕೊಡುತ್ತದೆ. ವೈನ್‌ನಿಂದ ತೊಡಗೋಣ. ರಸದಲ್ಲಿ ಲೀಟರಿಗೆ 220 ಗ್ರಾಂ ಸಕ್ಕರೆ ಇದೆ ಎಂದುಕೊಳ್ಳಿ. ಸಮೀಕರಣದ ಪ್ರಕಾರ 112 ಗ್ರಾಂ ಎಥನಾಲ್, ಅಂದರೆ ಸಾಂದ್ರತೆ 0.789ರಿಂದ ಭಾಗಿಸಿದಾಗ ಸುಮಾರು 142 ಮಿಲಿಲೀಟರ್, 14.2 ಶೇಕಡಾ ಬರಬೇಕು. ಆದರೆ ವಾಡಿಕೆಯ ಲೆಕ್ಕದಲ್ಲಿ ಒಂದು ಶೇಕಡಾ ಮದ್ಯಸಾರಕ್ಕೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಬೇಕು. 220ನ್ನು 17ರಿಂದ ಭಾಗಿಸಿದರೆ 12.9 ಶೇಕಡಾ. ಈ ಎರಡು ಉತ್ತರಗಳ ನಡುವಿನ ಅಂತರವೇ ಯೀಸ್ಟಿನ ಬೆಳವಣಿಗೆ, ಉಪೋತ್ಪನ್ನ ಮತ್ತು ಆವಿಯಾದ ಪಾಲು. ಎರಡನ್ನೂ ಬರೆದು ಅಂತರವನ್ನು ವಿವರಿಸಿದರೆ ಮುಂದಿನ ಹಂತಕ್ಕೆ ದಾರಿ ತಾನಾಗಿ ಸಿಗುತ್ತದೆ.

ಬಿಯರ್‌ನಲ್ಲಿ ವರ್ಟ್‌ನ ಆರಂಭಿಕ ವಿಶಿಷ್ಟ ಗುರುತ್ವ 1.048, ಅಂತಿಮ ಗುರುತ್ವ 1.010 ಎಂದಿರಲಿ.

```
ABV = (1.048 − 1.010) × 131.25 = 5.0 %
(48 − 10) / 48 × 100 = 79 %
79 × 0.81 = 64 %
```

ಮೊದಲ ಸಾಲಿನ ABV ಎಂದರೆ ಗಾತ್ರದ ಲೆಕ್ಕದಲ್ಲಿ ಶೇಕಡಾ ಮದ್ಯಸಾರ; 131.25 ಅದಕ್ಕೆ ವಾಡಿಕೆಯ ಗುಣಕ. ಎರಡನೆಯ ಸಾಲಿನ 79 ತೋರಿಕೆಯ ಅಟೆನ್ಯುಯೇಶನ್, ಅಂದರೆ ವರ್ಟ್‌ನ ಸಾರದಲ್ಲಿ ಹುದುಗಿಹೋದಂತೆ ಕಾಣುವ ಶೇಕಡಾ ಪಾಲು. ಮದ್ಯಸಾರ ನೀರಿಗಿಂತ ಹಗುರವಾದ್ದರಿಂದ ಹೈಡ್ರೋಮೀಟರ್ ಇರುವುದಕ್ಕಿಂತ ಕಡಿಮೆ ಸಕ್ಕರೆ ಉಳಿದಿದೆ ಎಂದು ತೋರಿಸುತ್ತದೆ. ಅದನ್ನು 0.81ರಿಂದ ಗುಣಿಸಿ ಸರಿಪಡಿಸಿದಾಗ ಬರುವ ಮೂರನೆಯ ಸಾಲಿನ 64 ನಿಜವಾದ ಅಟೆನ್ಯುಯೇಶನ್: ವರ್ಟ್‌ನ ಸಾರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಯರ್‌ನಲ್ಲೇ ಉಳಿದಿದೆ. ಆ ಉಳಿಕೆಯ ಬಹುಪಾಲು ಡೆಕ್ಸ್‌ಟ್ರಿನ್. ವೈನ್‌ನಲ್ಲಿ ಹೀಗೆ ಉಳಿಯಲು ಡೆಕ್ಸ್‌ಟ್ರಿನ್ ಇಲ್ಲ, ಮದ್ಯಸಾರ ಎರಡೂವರೆ ಪಟ್ಟು. ಹಾಗಾಗಿ ಅದು 1.000ಕ್ಕಿಂತ ಕೆಳಗೆ, 0.992ರಿಂದ 0.996ರ ನಡುವೆ ನಿಲ್ಲುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾದರಿಯನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಲವು ಬಾರಿ ಸುರಿದು ಅನಿಲ ಹೊರಗೆಡವಿದ ನಂತರವೇ ಓದಿರಿ. ಗುಳ್ಳೆಗಳು ಹೈಡ್ರೋಮೀಟರಿಗೆ ಅಂಟಿಕೊಂಡು ಅದನ್ನು ಮೇಲೆತ್ತಿದರೆ ಓದು ಹೆಚ್ಚಾಗಿ ಬರುತ್ತದೆ.

ಯೀಸ್ಟ್ ಡೆಕ್ಸ್‌ಟ್ರಿನ್ ಮುಟ್ಟುವುದಿಲ್ಲ ಎಂಬ ಮಾತಿಗೂ ಒಂದು ಅಪವಾದವಿದೆ. ಡಯಾಸ್ಟಾಟಿಕಸ್ ಎಂಬ ಪ್ರಭೇದ ಗ್ಲೂಕೋಅಮೈಲೇಸ್ ಸ್ರವಿಸಿ ಡೆಕ್ಸ್‌ಟ್ರಿನ್‌ಗಳನ್ನೂ ನಿಧಾನವಾಗಿ ಒಡೆಯುತ್ತದೆ. ಅದು ಅರಿವಿಲ್ಲದೆ ಬಾಟಲಿಗೆ ಸೇರಿಕೊಂಡರೆ ವಾರಗಳ ನಂತರ ಒತ್ತಡ ಏರಿ ಬಾಟಲಿ ಸಿಡಿಯುವ ಅಪಾಯವಿದೆ.

ಐದನೆಯ ಹಂತ: ಉಪೋತ್ಪನ್ನಗಳನ್ನು ಕಾರಣದೊಂದಿಗೆ ಆಯ್ದು ಬರೆಯಿರಿ

ಹತ್ತು ಉಪೋತ್ಪನ್ನಗಳ ಹೆಸರು ಬರೆಯುವುದಕ್ಕಿಂತ ಎರಡನ್ನು ಕೂಲಂಕಷವಾಗಿ ಬರೆಯುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ನಾನು ಆರಿಸುವ ಎರಡು ಗ್ಲಿಸರಾಲ್ ಮತ್ತು ಡೈಅಸಿಟೈಲ್.

ಗ್ಲಿಸರಾಲ್ ಪ್ರಮಾಣದಲ್ಲಿ ಎಥನಾಲ್ ಮತ್ತು ಇಂಗಾಲದ ಡೈಆಕ್ಸೈಡಿನ ನಂತರದ ಸ್ಥಾನದಲ್ಲಿದೆ. ವೈನ್‌ನಲ್ಲಿ ಲೀಟರಿಗೆ ಸಾಮಾನ್ಯವಾಗಿ 5ರಿಂದ 10 ಗ್ರಾಂ, ಬಿಯರ್‌ನಲ್ಲಿ 1ರಿಂದ 3 ಗ್ರಾಂ ಇರುತ್ತದೆ. ವ್ಯತ್ಯಾಸದ ಕಾರಣ ಮತ್ತೆ ಸಕ್ಕರೆಯೇ. ದ್ರಾಕ್ಷಿರಸದ ಗಾಢ ಸಕ್ಕರೆಯಲ್ಲಿ ಯೀಸ್ಟ್ ಕೋಶ ನೀರು ಕಳೆದುಕೊಳ್ಳುವ ಒತ್ತಡಕ್ಕೆ ಸಿಲುಕುತ್ತದೆ, ಅದನ್ನು ತಡೆಯಲು ಒಳಗೆ ಗ್ಲಿಸರಾಲ್ ತಯಾರಿಸಿಕೊಳ್ಳುತ್ತದೆ. ಎರಡನೆಯ ಕಾರಣ ಆಕ್ಸಿಡೀಕರಣ-ಅಪಕರ್ಷಣದ ಸಮತೋಲ: ಅಸಿಟಾಲ್ಡಿಹೈಡ್ ಸಿಗದಿದ್ದಾಗ ಕೋಶವು ಗ್ಲೈಕಾಲಿಸಿಸ್‌ನಲ್ಲಿ ಹುಟ್ಟಿದ, ಹೈಡ್ರೋಜನ್ ಹೊತ್ತ `NADH` ಅನ್ನು ಗ್ಲಿಸರಾಲ್ ತಯಾರಿಕೆಯ ಮೂಲಕ ತೀರಿಸಿಕೊಳ್ಳುತ್ತದೆ. ಸಲ್ಫೈಟ್ ಸೇರಿಸಿದರೆ ಅದು ಅಸಿಟಾಲ್ಡಿಹೈಡನ್ನು ಹಿಡಿದಿಟ್ಟು ಗ್ಲಿಸರಾಲ್ ಹೆಚ್ಚಿಸುತ್ತದೆ. ಕಾರ್ಲ್ ನ್ಯೂಬರ್ಗ್ ವಿವರಿಸಿದ ಈ ತತ್ವವನ್ನು ಬಳಸಿ ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಸ್ಫೋಟಕಗಳಿಗೆ ಬೇಕಾದ ಗ್ಲಿಸರಾಲನ್ನು ಸಕ್ಕರೆಯಿಂದಲೇ ತಯಾರಿಸಿತು.

ಡೈಅಸಿಟೈಲ್ ಬೆಣ್ಣೆಯ ವಾಸನೆ ಕೊಡುವ ಸಂಯುಕ್ತ. ಎರಡೂ ಪಾನೀಯಗಳಲ್ಲಿ ಅದು ಕಾಣಿಸಿಕೊಂಡರೂ ಬರುವ ದಾರಿ ಬೇರೆ ಎಂಬುದನ್ನು ಬರೆಯದ ಉತ್ತರ ಅರ್ಧವೇ ಸರಿ. ಬಿಯರ್‌ನಲ್ಲಿ ಯೀಸ್ಟ್ ವ್ಯಾಲೀನ್ ಎಂಬ ಅಮೈನೋ ಆಮ್ಲವನ್ನು ತಯಾರಿಸುವಾಗ ನಡುವೆ ಆಲ್ಫಾ ಅಸಿಟೋಲ್ಯಾಕ್ಟೇಟ್ ಹುಟ್ಟುತ್ತದೆ. ಅದರ ಸ್ವಲ್ಪ ಭಾಗ ಕೋಶದಿಂದ ಹೊರಸೋರಿ, ಯಾವ ಕಿಣ್ವದ ನೆರವೂ ಇಲ್ಲದೆ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ. ಯೀಸ್ಟ್ ಮತ್ತೆ ಅದನ್ನು ಒಳಗೆಳೆದುಕೊಂಡು ಅಸಿಟೋಯಿನ್, ಬಳಿಕ ಬ್ಯೂಟೇನ್‌ಡೈಆಲ್ ಆಗಿ ಮಾರ್ಪಡಿಸುತ್ತದೆ. ಇವೆರಡಕ್ಕೂ ಅಷ್ಟು ವಾಸನೆಯಿಲ್ಲ. ತಣ್ಣಗೆ ಹುದುಗುವ ಲಾಗರ್‌ನಲ್ಲಿ ಈ ಕೊನೆಯ ಹೆಜ್ಜೆಗಳು ತಡವಾಗುತ್ತವೆ. ಲಾಗರ್‌ನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಆಸುಪಾಸಿನಲ್ಲೇ ಅದರ ವಾಸನೆ ಗೊತ್ತಾಗುವುದರಿಂದ, ಹುದುಗು ಮುಗಿಯುತ್ತಾ ಬಂದಾಗ ಉಷ್ಣಾಂಶವನ್ನು 15ರಿಂದ 18 ಡಿಗ್ರಿಗೆ ಏರಿಸಿ ಎರಡು ಮೂರು ದಿನ ಯೀಸ್ಟಿನ ಮೇಲೆಯೇ ಬಿಡುತ್ತಾರೆ.

ಇದು ಮುಗಿದಿದೆಯೇ ಎಂದು ತಿಳಿಯುವ ಪರೀಕ್ಷೆ ಸರಳವಾಗಿದೆ. ತೊಟ್ಟಿಯಿಂದ ತೆಗೆದ ಬಿಯರನ್ನು ಯೀಸ್ಟ್ ಸೋಸಿ ಎರಡು ಮುಚ್ಚಿದ ಗಾಜಿನ ಪಾತ್ರೆಗಳಿಗೆ ಹಾಕಿ, ಒಂದನ್ನು ತಣ್ಣಗೆ ಇಡಿ, ಇನ್ನೊಂದನ್ನು 60ರಿಂದ 70 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣಿಸಿ. ಬಳಿಕ ಎರಡರ ಮುಚ್ಚಳ ತೆಗೆದು ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಮಾತ್ರ ಬೆಣ್ಣೆಯ ವಾಸನೆ ಬಂದರೆ ಪೂರ್ವವಸ್ತುವಾದ ಆಲ್ಫಾ ಅಸಿಟೋಲ್ಯಾಕ್ಟೇಟ್ ಇನ್ನೂ ಉಳಿದಿದೆ ಎಂದರ್ಥ; ಆ ಬಿಯರನ್ನು ಈಗಲೇ ತಣಿಸಿ ಸೋಸಿದರೆ ಬಾಟಲಿಯಲ್ಲಿ ವಾಸನೆ ಹುಟ್ಟುತ್ತದೆ, ಆಗ ಅದನ್ನು ತಿನ್ನಲು ಯೀಸ್ಟ್ ಇರುವುದಿಲ್ಲ. ಎರಡರಲ್ಲೂ ಬಂದರೆ ಯೀಸ್ಟಿಗೆ ಇನ್ನಷ್ಟು ಕಾಲ ಕೊಡಬೇಕು.

ವೈನ್‌ನಲ್ಲಿ ಡೈಅಸಿಟೈಲ್ ಮುಖ್ಯವಾಗಿ ಯೀಸ್ಟಿನಿಂದ ಬರುವುದಲ್ಲ. ಮದ್ಯಸಾರದ ಹುದುಗಿನ ನಂತರ ಈನೊಕಾಕಸ್ ಈನಿ ಎಂಬ ಬ್ಯಾಕ್ಟೀರಿಯ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸಿ ಹುಳಿಯನ್ನು ಮೃದುಗೊಳಿಸುತ್ತದೆ. ಜೊತೆಯಲ್ಲಿ ಅದು ಸಿಟ್ರಿಕ್ ಆಮ್ಲವನ್ನೂ ಬಳಸುವಾಗ ಡೈಅಸಿಟೈಲ್ ಉಂಟಾಗುತ್ತದೆ. ಕೆಲವು ಬಿಳಿ ವೈನ್‌ಗಳಲ್ಲಿ, ಮುಖ್ಯವಾಗಿ ಶಾರ್ಡೊನೆಯಲ್ಲಿ, ಹದವಾದ ಬೆಣ್ಣೆಯ ಛಾಯೆಯನ್ನು ಬಯಸಿಯೇ ಪಡೆಯುತ್ತಾರೆ. ಹೀಗೆ ಒಂದೇ ಅಣು ಲಾಗರ್‌ನಲ್ಲಿ ದೋಷ, ಶಾರ್ಡೊನೆಯಲ್ಲಿ ಗುಣ.

ಉಳಿದವುಗಳಿಗೆ ಒಂದೊಂದು ವಾಕ್ಯ ಸಾಕು. ಹೆಚ್ಚಿನ ಉಷ್ಣಾಂಶದಲ್ಲಿ ಎಸ್ಟರ್‌ಗಳು ಮತ್ತು ಉನ್ನತ ಆಲ್ಕೋಹಾಲ್‌ಗಳು ಸಾಮಾನ್ಯವಾಗಿ ಹೆಚ್ಚುತ್ತವೆ. ಲ್ಯೂಸೀನ್‌ನಿಂದ ಐಸೊಅಮೈಲ್ ಆಲ್ಕೋಹಾಲ್ ಬರುವ ಎರ್ಲಿಕ್ ಮಾರ್ಗವನ್ನು ಉದಾಹರಿಸಬಹುದು. ಸಾರಜನಕ ಕಡಿಮೆಯಿರುವ ದ್ರಾಕ್ಷಿರಸದಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಅದಕ್ಕೆ ಡೈಅಮೋನಿಯಂ ಫಾಸ್ಫೇಟನ್ನು ಹುದುಗಿನ ಮೊದಲರ್ಧದಲ್ಲೇ ಸೇರಿಸಬೇಕು.

ಆರನೆಯ ಹಂತ: ಯೀಸ್ಟಿನದಲ್ಲದ್ದನ್ನು ಯೀಸ್ಟಿಗೆ ಹೊರಿಸಬೇಡಿ

ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ಮೆಥನಾಲ್ ಸಕ್ಕರೆಯ ಹುದುಗುವಿಕೆಯ ಉಪೋತ್ಪನ್ನ ಎಂದು ಅನೇಕರು ಬರೆಯುತ್ತಾರೆ. ಅದು ಬರುವುದು ಹಣ್ಣಿನ ಪೆಕ್ಟಿನ್‌ನಿಂದ, ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಕಿಣ್ವದ ಕ್ರಿಯೆಯಿಂದ. ಆದ್ದರಿಂದಲೇ ಸಿಪ್ಪೆಯೊಂದಿಗೆ ಹುದುಗುವ ಕೆಂಪು ವೈನ್‌ನಲ್ಲಿ ಅದು ಬಿಳಿ ವೈನ್‌ಗಿಂತ ಹೆಚ್ಚು, ಬಿಯರ್‌ನಲ್ಲಿ ಅತ್ಯಲ್ಪ.

ಸುವಾಸನೆಯ ವಿಷಯದಲ್ಲೂ ಇದೇ ಎಚ್ಚರ ಬೇಕು, ಮತ್ತು ಇದಕ್ಕೆ ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಬೆಂಗಳೂರಿನ ಮೈಕ್ರೊಬ್ರೂವರಿಗಳಲ್ಲಿ ತಯಾರಿಸುವ ಜರ್ಮನ್ ಶೈಲಿಯ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣಿನ ಘಮ ಬರುತ್ತದೆ. ಅದು ಯೀಸ್ಟ್ ತಯಾರಿಸಿದ ಐಸೊಅಮೈಲ್ ಅಸಿಟೇಟ್. ಅದರಲ್ಲೇ ಬರುವ ಲವಂಗದ ಘಮವೂ ಯೀಸ್ಟಿನ ಕೆಲಸವೇ, ಧಾನ್ಯದ ಫೆರುಲಿಕ್ ಆಮ್ಲವನ್ನು ಅದು ವಿನೈಲ್ ಗ್ವಾಯಕಾಲ್ ಆಗಿ ಮಾರ್ಪಡಿಸಿದ್ದರಿಂದ ಬಂದದ್ದು. ಆದರೆ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ವೈನ್‌ನ ಗಾಢ ಘಮ ಹಾಗಲ್ಲ. ಆ ದ್ರಾಕ್ಷಿಗೆ ಲ್ಯಾಬ್ರುಸ್ಕಾ ಜಾತಿಯ ಸಂಬಂಧವಿದ್ದು, ಆ ಜಾತಿಯ ವಿಶಿಷ್ಟ ಘಮಕ್ಕೆ ಮುಖ್ಯ ಕಾರಣವೆನಿಸಿದ ಮೀಥೈಲ್ ಆಂಥ್ರನಿಲೇಟ್ ಹಣ್ಣಿನಲ್ಲೇ ಇರುವಂಥದ್ದು. ಹುದುಗು ಹಾಕುವ ಮುನ್ನವೇ ರಸವನ್ನು ಮೂಸಿ ನೋಡಿದರೆ ಅದು ತಿಳಿಯುತ್ತದೆ. ವರ್ಟ್‌ನಲ್ಲಿ ಬಾಳೆಹಣ್ಣನ್ನು ಹುಡುಕಿದರೆ ಸಿಗುವುದಿಲ್ಲ.